ಹಳೇ ದಿನಚರಿಗಳ ಫೋಟೋಗೆ ಅನುಮತಿ ಪತ್ರ

ಲೈಬ್ರರಿಯಲ್ಲಿರುವ ಕೈಬರಹದ ಹಳೇ ದಿನಚರಿಗಳ ಫೋಟೋ ತೆಗೆದು ಟೈಪ್ ಮಾಡಿಕೊಳ್ಳಬೇಕು. ಮುಖ್ಯಸ್ಥರಿಗೆ ಪತ್ರದಲ್ಲಿ ಏನು ಬರೆಯಲಿ? ನಾನು ಎಂಎ ವಿದ್ಯಾರ್ಥಿನಿ.

"ಸಂಶೋಧನೆಗೆ ಬೇಕು, ಅನುಮತಿ ಕೊಡಿ" ಅಂತ ಸುಮ್ನೆ ಬರೆದರೆ ಪತ್ರ ಫೈಲಿನಲ್ಲೇ ಉಳಿಯುತ್ತದೆ. ಅವರಿಗಿರುವ ಭಯ ಎರಡು: ಹಾಳೆ ಹರಿಯಬಾರದು, ಫೋಟೋ ಎಲ್ಲೆಂದರಲ್ಲಿ ಹರಿದಾಡಬಾರದು. ಅದಕ್ಕೇ ನೇರ ಉತ್ತರ ಕೊಡಿ. ಹೀಗೆ:

"ಮಾನ್ಯರೇ, ಅಕ್ಸೆಶನ್ ನಂಬರ್ 412ರ ದಿನಚರಿಯಲ್ಲಿ 1ರಿಂದ 60ನೇ ಪುಟಗಳು ಮಾತ್ರ ನನಗೆ ಬೇಕು. ಫ್ಲ್ಯಾಶ್ ಬಳಸುವುದಿಲ್ಲ. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತದೆ, ಎರಡೂ ರಟ್ಟಿನ ಕೆಳಗೆ ಮೆತ್ತನೆಯ ಆಸರೆ ಇಟ್ಟು, ಸಿಬ್ಬಂದಿಯ ಎದುರೇ ತೆಗೆಯುತ್ತೇನೆ. ಫೋಟೋ ಮತ್ತು ಟೈಪ್ ಪ್ರತಿ ಎರಡನ್ನೂ ಲೈಬ್ರರಿಗೆ ಕೊಡುತ್ತೇನೆ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ."

ನಂಬರ್ ಹಾಕಿದರೆ ನೀವು ಕ್ಯಾಟಲಾಗ್ ನೋಡಿಯೇ ಬಂದಿದ್ದೀರಿ ಅಂತ ಗೊತ್ತಾಗುತ್ತದೆ. ಜತೆಗೆ ಗೈಡ್ ಸಹಿ ಇರಲಿ.

ದಿನಚರಿ ಬರೆದವರು ಯಾವಾಗ ತೀರಿಕೊಂಡರು ಅನ್ನುವುದನ್ನೂ ಸೇರಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 52(1)(ಪಿ) ಪ್ರಕಾರ, ಸಾರ್ವಜನಿಕರಿಗೆ ಪ್ರವೇಶವಿರುವ ಲೈಬ್ರರಿಯ ಅಪ್ರಕಟಿತ ಬರಹವನ್ನು ಸಂಶೋಧನೆಗೆ ನಕಲು ಮಾಡಬಹುದು. ಆದರೆ ಬರೆದವರು ಯಾರೆಂದು ಲೈಬ್ರರಿಗೆ ಗೊತ್ತಿದ್ದರೆ, ಅವರು ತೀರಿಕೊಂಡು 60 ವರ್ಷ ದಾಟಿರಬೇಕು. ದಾಟಿಲ್ಲವೇ? ಮೊದಲು ಮನೆಯವರ ಒಪ್ಪಿಗೆ ಪತ್ರ ತನ್ನಿ.