ಕಿಲೋಮೀಟರ್ ದರ ಕಡಿಮೆ ಇದ್ದರೆ ಸಾಕಾ?

"ಅಪ್ಪನನ್ನು 120 ಕಿ.ಮೀ. ದೂರದ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುತ್ತಿದ್ದಾರೆ. ಇಬ್ಬರು ಆಂಬುಲೆನ್ಸ್‌ನವರಲ್ಲಿ ಕಿಲೋಮೀಟರ್‌ಗೆ ಕಡಿಮೆ ಹೇಳಿದವರನ್ನೇ ಕರೆಯಲಾ?"

ಮೊದಲು ಕಿಲೋಮೀಟರ್ ಎಲ್ಲಿಂದ ಎಲ್ಲಿಗೆ ಎಣಿಸುತ್ತಾರೆ ಅಂತ ಕೇಳಿ. ಗಾಡಿ 10 ಕಿ.ಮೀ. ದೂರದಿಂದ ಬಂದು, ಖಾಲಿ ವಾಪಸ್ ಹೋಗುವುದನ್ನೂ ಸೇರಿಸಿದರೆ 260 ಕಿ.ಮೀ. ಆಗುತ್ತದೆ. ಇನ್ನೊಬ್ಬರು ಒಂದೂವರೆ ಪಟ್ಟು ದರ ಹೇಳಿ, ಹೋಗುವ 120ಕ್ಕೆ ಮಾತ್ರ ಲೆಕ್ಕ ಹಾಕಿದರೆ, ಅದು ಮೊದಲಿನವರ 180 ಕಿ.ಮೀ.ಗೆ ಸಮ. ಜಾಸ್ತಿ ದರದವರೇ ಅಗ್ಗವಾದರು, ಅಲ್ವಾ?

ಆಮೇಲೆ ಆಕ್ಸಿಜನ್. ದಾರಿ 3 ಗಂಟೆ ಹಿಡಿದರೆ 900 ಲೀಟರ್ ಬೇಕು. ತಡವಾದರೆ ಇರಲಿ ಅಂತ ಅರ್ಧ ಸೇರಿಸಿ, 1,350 ಅಂದುಕೊಳ್ಳಿ. ತುಂಬಿದ ಸಣ್ಣ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ಆದರೆ ಅರ್ಧ ಖಾಲಿಯಾಗಿದ್ದರೆ ದಾರಿಯಲ್ಲೇ ಮುಗಿಯುತ್ತದೆ. ಹತ್ತುವ ಮೊದಲು ಮೀಟರ್ ಮುಳ್ಳು ನೀವೇ ನೋಡಿ. ಸಿಲಿಂಡರ್ ಬದಲಿಸಿದರೆ ಬೇರೆ ಹಣವೇ ಅಂತಲೂ ಕೇಳಿ.

ವೆಂಟಿಲೇಟರ್ ಇರುವ ಐಸಿಯು ಗಾಡಿ ಬೇಕೇ ಅನ್ನುವುದನ್ನು ಡ್ರೈವರ್ ಅಲ್ಲ, ಡಾಕ್ಟರ್ ಹೇಳಬೇಕು. ಉಸಿರಾಟ, ಬಿಪಿ ಸ್ಥಿರವಾಗಿದ್ದರೆ ಸಾಮಾನ್ಯ ಆಂಬುಲೆನ್ಸ್ ಸಾಕು ಅನ್ನಬಹುದು. ಬೇಕೇ ಬೇಕು ಅಂದರೆ, ಜೊತೆಗೆ ಅದನ್ನು ನಡೆಸಬಲ್ಲವರು ಬರುತ್ತಾರಾ, ಅವರ ಹಣ ಬಾಡಿಗೆಯಲ್ಲೇ ಸೇರಿದೆಯಾ ಕೇಳಿ. ಯಂತ್ರ ಮಾತ್ರ ಬಂದರೆ ಸುಮ್ನೆ ದುಡ್ಡು ಹೋಗುತ್ತದೆ, ಅಪ್ಪನಿಗೆ ಏನೂ ಉಪಯೋಗವಿಲ್ಲ.

ಕಾಯುವ ಸಮಯ, ಟೋಲ್ ಎಲ್ಲ ಸೇರಿಸಿ ಒಟ್ಟು ಮೊತ್ತವನ್ನು ಇಬ್ಬರಿಂದಲೂ ಮೆಸೇಜಿನಲ್ಲಿ ಬರೆಸಿಕೊಳ್ಳಿ.