ಬರೆದ ಮಾತು ಅವರ ಬಾಯಿಗೆ ಹೊಂದುವುದು ಹೇಗೆ?

ಪ್ರಶ್ನೆ: ನಮ್ಮ ತರಬೇತಿ ಸಂಸ್ಥೆಯ ಮುಖ್ಯಸ್ಥರಿಗೆ ನಾನು ವಿಡಿಯೋ ಸ್ಕ್ರಿಪ್ಟ್ ಬರೆದುಕೊಡುತ್ತೇನೆ. ಅವರದು ಉತ್ತರ ಕರ್ನಾಟಕದ ಮಾತು. ಎದುರು ಕೂತು ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ, ನಾನು ಬರೆದದ್ದನ್ನು ಓದಿದರೆ ವಾರ್ತೆ ಓದಿದ ಹಾಗಿರುತ್ತದೆ. ಅವರು ಪದೇಪದೇ ಬಳಸುವ "ಏನಪಾ ಅಂದ್ರ", "ನೋಡ್ರಿ" ಎಲ್ಲ ಸೇರಿಸಿ ನೋಡಿದೆ. ಯಾರೋ ಅವರನ್ನು ಅಣಕಿಸಿದ ಹಾಗಾಯಿತು, ಅವರಿಗೂ ಬೇಸರವಾಯಿತು. ಮೊನ್ನೆ ಅವರು ಹೇಳಿದ ಮಾತೊಂದನ್ನು ಇದ್ದ ಹಾಗೆ ಬರೆದುಕೊಂಡಿದ್ದೇನೆ: "ಮೊದಲ ಏನಿತ್ತಪಾ ಅಂದ್ರ, ಯಾರೂ ಬರ್ತಿದ್ದಿಲ್ಲ. ಆಮ್ಯಾಲ ಒಬ್ಬ ಹುಡುಗ ಬಂದ. ಬಂದು ಕುಂತ, ಕುಂತು ಎಲ್ಲಾ ಕೇಳಿದ, ಮರುದಿವಸ ನಾಕು ಮಂದೀನ ಕರಕೊಂಡು ಬಂದ ನೋಡ್ರಿ, ತನ್ನ ಗೆಳೆಯರನ್ನ. ಈಗ ಜಾಗಾನ ಸಾಲವಲ್ದು." ನಾನು ಬರೆದದ್ದು ಹೀಗಿತ್ತು: "ಕಳೆದ ವರ್ಷ ನಮ್ಮ ಸಂಸ್ಥೆಯಲ್ಲಿ ತರಬೇತಿ ಪಡೆದ 40 ಯುವಜನರಲ್ಲಿ 31 ಮಂದಿ ಈಗ ಸ್ವಂತ ಉದ್ಯೋಗ ಆರಂಭಿಸಿರುವುದು ಸಂತಸದ ಸಂಗತಿ." ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅವರ ಮಾತನ್ನು ಇದ್ದ ಹಾಗೆ ಬರೆದುಕೊಂಡಿರಿ ನೋಡಿ, ಅರ್ಧ ಕೆಲಸ ಅಲ್ಲಿಯೇ ಆಗಿದೆ. ಅದನ್ನೇ ಮುಂದಿಟ್ಟುಕೊಂಡು ನೋಡೋಣ. ನುಡಿಗಟ್ಟುಗಳ ಚಿಂತೆ ಆಮೇಲೆ, ಮೊದಲು ಕ್ರಿಯಾಪದ ಎಲ್ಲಿ ಬಿದ್ದಿದೆ ಎಂದು ಹುಡುಕಿ.

ನಿಮ್ಮ ವಾಕ್ಯದಲ್ಲಿ ಕೇಳುಗ ಕೊನೆಯವರೆಗೂ ಕಾಯಬೇಕು. "ಪಡೆದ", "ಆರಂಭಿಸಿರುವುದು" ಎಂದು ಒಂದರೊಳಗೊಂದು ತುಂಬಿಸಿದ ಮೇಲೆ ಕಟ್ಟಕಡೆಗೆ "ಸಂಗತಿ" ಎಂದು ಬಾಗಿಲು ಮುಚ್ಚುತ್ತದೆ. ಕಣ್ಣಿಗೆ ಇದು ಸಲೀಸು, ಕನ್ನಡದ ಬರವಣಿಗೆ ಬೆಳೆದದ್ದೇ ಹಾಗೆ. ಬಾಯಿಗೆ ಮಾತ್ರ ಕಷ್ಟ. ಅವರು ಕ್ರಿಯಾಪದವನ್ನು ಬೇಗ ಇಳಿಸಿಬಿಡುತ್ತಾರೆ: "ಹುಡುಗ ಬಂದ." ಅಲ್ಲಿ ಉಸಿರು. ಆಮೇಲೆ ಅದೇ ಕ್ರಿಯಾಪದವನ್ನು ಕೈಹಿಡಿದು ಮುಂದಕ್ಕೆ ಹೋಗುತ್ತಾರೆ: "ಬಂದು ಕುಂತ, ಕುಂತು ಎಲ್ಲಾ ಕೇಳಿದ." ಹೇಳಲು ಮರೆತ ವಿವರವಿದ್ದರೆ ಕ್ರಿಯಾಪದ ಮುಗಿದ ಮೇಲೆ ಬಾಲದ ಹಾಗೆ ಜೋಡಿಸುತ್ತಾರೆ: "ಕರಕೊಂಡು ಬಂದ ನೋಡ್ರಿ, ತನ್ನ ಗೆಳೆಯರನ್ನ." ಅವರ ಲಯ ಇರುವುದು ಈ ಮೂರರಲ್ಲಿ. "ಏನಪಾ ಅಂದ್ರ" ಎಂಬುದನ್ನು ತೆಗೆದುಹಾಕಿದರೂ ಆ ಮಾತು ಅವರದೇ ಎಂದು ಗೊತ್ತಾಗುತ್ತದೆ. ನಿಮ್ಮ ಉದ್ದ ವಾಕ್ಯದ ನಡುವೆ ಅದನ್ನು ಸಿಕ್ಕಿಸಿದಾಗ ಅಣಕದ ಹಾಗೆ ಕೇಳಿದ್ದು ಇದಕ್ಕೇ. ಮೈಯೆಲ್ಲ ನಿಮ್ಮದು, ಟೊಪ್ಪಿಗೆ ಮಾತ್ರ ಅವರದು.

ಇನ್ನು ಉದ್ದ. ಒಂದು ಉಸಿರಿನಲ್ಲಿ ಅವರು ಎಷ್ಟು ಹೇಳುತ್ತಾರೆ ಎಂಬುದನ್ನು ಪದಗಳಲ್ಲಿ ಎಣಿಸಬೇಡಿ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಅಂಟಿಕೊಂಡು ಪದವೊಂದು ಎಷ್ಟುದ್ದ ಬೇಕಾದರೂ ಬೆಳೆಯುತ್ತದೆ, ಪದದ ಲೆಕ್ಕ ದಾರಿ ತಪ್ಪಿಸುತ್ತದೆ. ಅಕ್ಷರ ಎಣಿಸಿ. ನೀವು ಕಳಿಸಿದ ತುಣುಕಿನಲ್ಲಿ ಅತಿ ಉದ್ದದ ತುಂಡು "ಮರುದಿವಸ" ಎಂಬಲ್ಲಿಂದ "ನೋಡ್ರಿ"ವರೆಗೆ, 18 ಅಕ್ಷರ. ಉಳಿದವು ಯಾವುವೂ 10 ದಾಟುವುದಿಲ್ಲ. ನಿಮ್ಮ ವಾಕ್ಯ ನಡುವೆ ನಿಲ್ಲಲು ಜಾಗವೇ ಇಲ್ಲದೆ 50 ದಾಟುತ್ತದೆ. ಅವರು ಎಲ್ಲೋ ಒಂದು ಕಡೆ ಉಸಿರೆಳೆದುಕೊಳ್ಳಲೇಬೇಕು, ಅದು ತಪ್ಪು ಜಾಗದಲ್ಲಿ ಬೀಳುತ್ತದೆ, ಆಗ ವಾರ್ತೆ ಓದುವ ದನಿ ಬರುತ್ತದೆ.

ಹಾಗಾದರೆ ಆ ವಾಕ್ಯ ಅವರ ಬಾಯಲ್ಲಿ ಹೇಗಿರಬಹುದು? ನಾನಾದರೆ ಹೀಗೆ ಬರೆಯುತ್ತೇನೆ, ಒಂದು ಉಸಿರಿಗೆ ಒಂದು ಸಾಲು:

ಹೋದ ವರ್ಷ ನಲವತ್ತು ಮಂದಿ ಬಂದ್ರು,
ತರಬೇತಿಗೆ.
ಬಂದು ಕಲ್ತ್ರು.
ಅವರೊಳಗ ಈಗ
ಮೂವತ್ತೊಂದು ಮಂದಿ ಉದ್ಯೋಗ ಶುರು ಮಾಡ್ಯಾರ ನೋಡ್ರಿ,
ತಮ್ಮ ಸ್ವಂತದ್ದು.

"ಸಂತಸದ ಸಂಗತಿ" ಎಲ್ಲಿ ಹೋಯಿತು ಎಂದು ಕೇಳಬಹುದು. ಆ ಕೆಲಸವನ್ನು "ನೋಡ್ರಿ" ಮಾಡುತ್ತಿದೆ. ಅವರ ಮಾತಿನಲ್ಲಿ ಅದು ಎಲ್ಲಿ ಬಂದಿತ್ತು ಗಮನಿಸಿ: ಹೆಮ್ಮೆಯ ಸುದ್ದಿ ಬಂದ ಕೂಡಲೇ, ಕ್ರಿಯಾಪದದ ಬೆನ್ನಿಗೆ. "ಏನಿತ್ತಪಾ ಅಂದ್ರ" ಬಂದದ್ದು ಬೇರೆ ಕಡೆ, ಕಥೆ ಶುರುವಾಗುವಾಗ, ಅದೂ ತೊಂದರೆಯೊಂದನ್ನು ಹೇಳುವ ಮೊದಲು. ಎರಡೂ ಬಾಯಿಮಾತೇ ಆದರೂ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನುಡಿಗಟ್ಟು ಪಟ್ಟಿ ಮಾಡುವಾಗ ಪಕ್ಕದಲ್ಲಿ ಅದು ಯಾವ ಮಾತಿನ ಹಿಂದೆ ಬಂತು, ಯಾವುದರ ಮುಂದೆ ಬಂತು ಎಂದೂ ಬರೆದುಕೊಳ್ಳಿ. ಬಳಸುವಾಗ ಅವರು ಆಡುವುದಕ್ಕಿಂತ ಕಡಿಮೆ ಬಳಸಿ, ಅರ್ಧಕ್ಕರ್ಧ ಸಾಕು. ಲಯ ಹೊಂದಿದ ಸ್ಕ್ರಿಪ್ಟ್ ಕೈಗೆ ಬಂದರೆ ಉಳಿದರ್ಧವನ್ನು ಅವರೇ ಸೇರಿಸುತ್ತಾರೆ, ನೀವೂ ಬರೆದಿದ್ದರೆ ಎರಡೆರಡು ಸಲ ಕೇಳುತ್ತದೆ.

ಇಲ್ಲೊಂದು ಎಚ್ಚರಿಕೆ. "ಬಂದು ಕಲ್ತ್ರು" ಎಂದ ಮೇಲೆ "ಕಲ್ತು ಸುಮ್ಮ ಕುಂಡ್ರಲಿಲ್ಲ" ಎಂದು ಸೇರಿಸಲು ಕೈ ತುರಿಸುತ್ತದೆ. ಲಯಕ್ಕೆ ಚೆಂದವಾಗಿಯೇ ಇದೆ. ಆದರೆ ಉಳಿದ 9 ಮಂದಿ ಏನು ಮಾಡುತ್ತಿದ್ದಾರೋ ನಿಮ್ಮ ವಾಕ್ಯದಲ್ಲಿ ಇರಲಿಲ್ಲ. ಮಾತು ಓಡುತ್ತಿದೆ ಎಂದು ಇಲ್ಲದ್ದನ್ನು ಅವರ ಬಾಯಲ್ಲಿ ಹೇಳಿಸಬಾರದು. ಕೇಳಿದವರು ನಾಳೆ ಪ್ರಶ್ನಿಸುವುದು ಅವರನ್ನು, ನಿಮ್ಮನ್ನಲ್ಲ.

ಉಚ್ಚಾರಣೆಯ ವಿಚಾರಕ್ಕೆ ಬಂದರೆ, ಹೆಚ್ಚಿನವರು ಸೋಲುವುದು ಅಲ್ಲಿಯೇ. ಅವರ ದನಿ ಹೇಗೆ ಕೇಳುತ್ತದೋ ಹಾಗೆಲ್ಲ ಬರೆದಿಡಲು ಹೋಗುತ್ತಾರೆ. ಅದರಲ್ಲಿ ಎರಡು ಬಗೆ ಇದೆ, ಬೇರೆ ಮಾಡಿಕೊಳ್ಳಿ. ಒಂದು, ಬರೀ ಧ್ವನಿಯ ವ್ಯತ್ಯಾಸ. ಅವರು "ಶಾಲೆ"ಯನ್ನು "ಸಾಲಿ" ಎನ್ನುವವರಾದರೂ ನೀವು "ಶಾಲೆ" ಎಂದೇ ಬರೆಯಿರಿ. ಅವರ ನಾಲಿಗೆ ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತದೆ. "ಸಾಲಿ" ಎಂದು ಬರೆದರೆ ಕಣ್ಣು ಒಂದು ಕ್ಷಣ ತಡೆಯುತ್ತದೆ, ಏಕೆಂದರೆ ಮಾತು ಯಾವ ಸೀಮೆಯದಾದರೂ ಓದಲು ಕಲಿತದ್ದು ಪುಸ್ತಕದ ಕಾಗುಣಿತದಲ್ಲಿ. ಇನ್ನೊಂದು, ವ್ಯಾಕರಣದ ವ್ಯತ್ಯಾಸ: "ಮನೆಯಲ್ಲಿ" ಮತ್ತು "ಮನ್ಯಾಗ", "ಮಾಡಿದ್ದಾರೆ" ಮತ್ತು "ಮಾಡ್ಯಾರ". ಇದನ್ನು ನಾಲಿಗೆ ತಾನಾಗಿ ಬದಲಿಸುವುದಿಲ್ಲ. "ಮನೆಯಲ್ಲಿ" ಎಂದು ಕಾಗದದಲ್ಲಿದ್ದರೆ "ಮನೆಯಲ್ಲಿ" ಎಂದೇ ಓದುತ್ತಾರೆ, ಅಲ್ಲಿಂದ ಮುಂದಿನ ಸಾಲೂ ಪುಸ್ತಕದ ದನಿಗೆ ಜಾರುತ್ತದೆ. ಹಾಗಾಗಿ ಕ್ರಿಯಾಪದದ ಕೊನೆ, ವಿಭಕ್ತಿ, ಜೋಡಿಸುವ ಪದ ಇಷ್ಟನ್ನು ಅವರ ಮಾತಿನಂತೆ ಬರೆಯಿರಿ. ಉಳಿದದ್ದು ಮಾಮೂಲಿ ಕಾಗುಣಿತದಲ್ಲಿರಲಿ. ಅಂಕಿಗಳನ್ನು ಮಾತ್ರ "31" ಎಂದು ಬಿಡದೆ "ಮೂವತ್ತೊಂದು" ಎಂದು ಬಿಡಿಸಿ ಬರೆಯುವುದು ಒಳ್ಳೆಯದು.

ಉತ್ತರ ಕರ್ನಾಟಕದ ಮಾತು ಎಂದು ಒಂದೇ ಹೆಸರು ಹೇಳಿಬಿಡುತ್ತೇವೆ, ಅದರೊಳಗೆ ಹಲವು ಇವೆ. ಒಬ್ಬರು "ಐತಿ" ಎಂದರೆ ಇನ್ನೊಬ್ಬರು "ಅದ" ಎನ್ನುತ್ತಾರೆ. "ಮಾಡಾಕತ್ತೀನಿ" ಎನ್ನುವವರಿದ್ದಾರೆ, "ಮಾಡ್ಲಿಕತ್ತೀನಿ" ಎನ್ನುವವರೂ ಇದ್ದಾರೆ. ನೀವು ಆ ಸೀಮೆಯವರಲ್ಲದಿದ್ದರೆ ಎರಡನ್ನೂ ಕಲಸಿ ಬರೆಯುವ ಅಪಾಯವಿದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅವರ ಊರಿನವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನೀವು ಕಳಿಸಿದ ತುಣುಕಿನಲ್ಲಿ ಈ ರೂಪಗಳು ಬಂದೇ ಇಲ್ಲ. ಆದ್ದರಿಂದ ಊಹಿಸಿ ಬರೆಯುವ ಬದಲು ಇನ್ನಷ್ಟು ಕೇಳಿಸಿಕೊಳ್ಳಬೇಕು.

ಕೇಳಿಸಿಕೊಳ್ಳುವುದಕ್ಕೆ 20 ನಿಮಿಷದ ರೆಕಾರ್ಡಿಂಗ್ ಸಾಕು, ಅವರ ಒಪ್ಪಿಗೆ ಪಡೆದೇ ಮಾಡಿ. "ಸಂಸ್ಥೆಯ ಬಗ್ಗೆ ಹೇಳಿ" ಎಂದು ಕೇಳಿದರೆ ಭಾಷಣ ಬರುತ್ತದೆ. ವಿಷಯ ಗೊತ್ತಿಲ್ಲದ ಒಬ್ಬರನ್ನು ಎದುರು ಕೂರಿಸಿ, ನಡೆದದ್ದೊಂದನ್ನು ಅವರಿಗೆ ವಿವರಿಸಲು ಹೇಳಿ. ಮೊದಲ ಐದು ನಿಮಿಷ ಫೋನಿನ ಮೇಲೆಯೇ ಗಮನವಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಹರಿಯುವ ಮಾತಿನಲ್ಲಿ ಮೂರ್ನಾಲ್ಕು ನಿಮಿಷದಷ್ಟನ್ನು ಕೈಯಾರೆ ಬರೆದುಕೊಳ್ಳಿ. ಉಸಿರು ನಿಂತಲ್ಲೆಲ್ಲ ಹೊಸ ಸಾಲು. ಏನನ್ನೂ ತಿದ್ದಬೇಡಿ. ಅವರು ಒಂದು ಮಾತು ಶುರುಮಾಡಿ ಅರ್ಧಕ್ಕೆ ಬಿಟ್ಟು ಬೇರೆಯದಕ್ಕೆ ಹೋದರೆ ಅದನ್ನೂ ಬರೆಯಿರಿ. ಸ್ಕ್ರಿಪ್ಟಿನಲ್ಲಿ ಅದು ಬೇಡ, ಆದರೆ ಎಂಥ ಮಾತಿನಲ್ಲಿ ಅವರು ತಡವರಿಸುತ್ತಾರೆ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ಆಡಳಿತದ ಪದಗಳು ಬಂದಲ್ಲಿ.

ಕರಡು ಸಿದ್ಧವಾದ ಮೇಲೆ ಓದಲು ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿ. ನೀವೇ ಒಮ್ಮೆ ಅವರಿಗೆ ಓದಿ ಹೇಳಿ, ಕಾಗದ ಮಡಚಿಟ್ಟು "ಈಗ ನೀವು ಹೇಳಿ" ಎನ್ನಿ. ರೆಕಾರ್ಡ್ ಮಾಡಿಕೊಳ್ಳಿ. ಅವರು ಬದಲಿಸಿದ ಪದ, ಹಿಂದುಮುಂದು ಮಾಡಿದ ಕ್ರಮ ಎಲ್ಲವೂ ನಿಮ್ಮದಕ್ಕಿಂತ ಸರಿ ಎಂದೇ ಹಿಡಿದು ತಿದ್ದಿ. ಮರೆತುಬಿಟ್ಟ ಸಾಲು ಇದ್ದರೆ ಅದು ನಿಜವಾಗಿ ಬೇಕೇ ಎಂದು ನೋಡಿ. ಕೊನೆಯಲ್ಲಿ ಕ್ಯಾಮೆರಾ ಮುಂದೆ ಓದುವಾಗ ಎಡವಿದ ಜಾಗಗಳೂ ಕಾರಣ ಹೇಳುತ್ತವೆ. ಸಾಲಿನ ನಡುವೆ ಉಸಿರೆಳೆದರೆ ಸಾಲು ಉದ್ದವಾಯಿತು ಎಂದರ್ಥ. ಅದೇ ಪದದಲ್ಲಿ ಎರಡು ಸಲ ತಡೆದರೆ ಆ ಪದ ಅವರದಲ್ಲ, ಇಲ್ಲವೇ ನೀವು ಅದನ್ನು ಅತಿಯಾಗಿ ಆಡುಮಾತಿನ ಕಾಗುಣಿತದಲ್ಲಿ ಬರೆದಿದ್ದೀರಿ.

ಯೋಜನೆಗಳ ಅಧಿಕೃತ ಹೆಸರು, ಷರತ್ತು, ಕೊನೆಯ ದಿನಾಂಕ ಇಂಥವನ್ನು ಅವರ ಮಾತಿಗೆ ಇಳಿಸಲು ಹೋಗಬೇಡಿ. ಇದ್ದ ಹಾಗೆ, ಒಂದೊಂದು ಸಾಲಿನಲ್ಲಿ ಬಿಡಿಯಾಗಿ ಇಡಿ. ಹಿಂದಿನ ಸಾಲನ್ನು ಮಾತ್ರ ಅವರ ದನಿಯಲ್ಲಿ ಬರೆದರೆ ಅವರು ಅದನ್ನು ದಾಟಿ ಹೋಗುತ್ತಾರೆ.

ಇನ್ನು ಅವರನ್ನೇ ಕೇಳಬೇಕಾದದ್ದು ಒಂದಿದೆ. ಕೋಣೆಯಲ್ಲಿ ಆಡುವ ಮಾತನ್ನೇ ವಿಡಿಯೋದಲ್ಲೂ ಆಡಲು ಅವರಿಗೆ ಇಷ್ಟವೇ? ನಾಲ್ಕು ಜನರ ಮುಂದೆ ನಿಂತಾಗ "ಮಾಡ್ಯಾರ" ಬಿಟ್ಟು "ಮಾಡಿದ್ದಾರೆ" ಎನ್ನುವವರು ಬಹಳ ಮಂದಿ, ಅದೂ ಅವರ ಸ್ವಂತ ಮಾತೇ. ಚೀಟಿಯಿಲ್ಲದೆ ಸಭೆಯಲ್ಲಿ ಮಾತಾಡಿದ ರೆಕಾರ್ಡಿಂಗ್ ಇದ್ದರೆ ಅದನ್ನೂ ಹೀಗೆಯೇ ಸಾಲು ಮುರಿದು ಬರೆದು ನೋಡಿ. ಅಲ್ಲಿ ಪ್ರತ್ಯಯಗಳು ಪುಸ್ತಕದ ಕಡೆಗೆ ಸರಿದಿರಬಹುದು, ಆದರೂ ಕ್ರಿಯಾಪದ ಬೇಗ ಇಳಿಯುವುದು, ಬಾಲ ಜೋಡಿಸುವುದು ಬಹುತೇಕ ಹಾಗೆಯೇ ಇರುತ್ತದೆ. ಅವರು ಆ ದನಿಯನ್ನೇ ಬಯಸಿದರೆ ಮೇಲಿನ ಆರು ಸಾಲುಗಳಲ್ಲಿ "ಮಾಡ್ಯಾರ" ಹೋಗಿ "ಮಾಡಿದ್ದಾರೆ", "ಅವರೊಳಗ" ಹೋಗಿ "ಅವರಲ್ಲಿ" ಬರಲಿ. ಸಾಲು ಮುರಿದ ಜಾಗಗಳನ್ನು ಮುಟ್ಟಬೇಡಿ.