ಅಕೌಂಟೆಂಟ್‌ಗಳು ಓದುವ ಕ್ಯಾಪ್ಶನ್‌ನಲ್ಲಿ 📅 ಯಾಕೆ ಬೇಡ

"ನಮ್ಮ ಪೇಜ್ ನೋಡುವವರೆಲ್ಲ ಅಕೌಂಟೆಂಟ್‌ಗಳು, ಟ್ಯಾಕ್ಸ್ ಕೆಲಸದವರು. ಕ್ಯಾಪ್ಶನ್‌ಗೆ ಎಮೋಜಿ ಹಾಕಬಹುದಾ? ಯಾವುದು? ಭಾಷೆ ಎಷ್ಟು ಸಲಿಗೆಯದ್ದಾಗಿರಬಹುದು?"

ಹಾಕಬಹುದು. ಒಂದು ಕ್ಯಾಪ್ಶನ್‌ಗೆ ಒಂದು, ತೀರಾ ಬೇಕಾದರೆ ಎರಡು. ಹಾಕುವ ಮೊದಲು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ದಿನವಿಡೀ ಅಂಕಿ, ತಾರೀಕು ತಾಳೆ ನೋಡುವ ಜನ ಇವರು, ನಾವು ಚಂದಕ್ಕೆ ಅಂತ ಹಾಕಿದ್ದನ್ನೂ ಓದಿಯೇ ಓದುತ್ತಾರೆ.

ನಾನಿರುವುದು ಕುಂಬಳೆಯಲ್ಲಿ. ಕಾಸರಗೋಡು, ಉಪ್ಪಳ, ಬದಿಯಡ್ಕ ಕಡೆಯ ಅಕೌಂಟೆಂಟ್‌ಗಳು ನೋಡುವ ಒಂದು ಪೇಜ್‌ಗೆ ಕನ್ನಡದಲ್ಲಿ ಕ್ಯಾಪ್ಶನ್ ಬರೆಯುತ್ತೇನೆ. ಶುರುವಿನಲ್ಲಿ ಜಿಎಸ್‌ಟಿ ರಿಟರ್ನ್‌ನ ಡ್ಯೂ ಡೇಟ್ ಬಗ್ಗೆ ನಾನು ಬರೆದದ್ದು ಹೀಗಿತ್ತು:

🔥 ಬೇಗ ಬೇಗ ಗೆಳೆಯರೇ!! 📅 20 ಲಾಸ್ಟ್ ಡೇಟ್ 💰 ಮಿಸ್ ಆದ್ರೆ ದಂಡ 😱😂

ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆಯುವ ಹಿರಿಯರೊಬ್ಬರು ಅವತ್ತೇ ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ನೀವು ಬರೆದದ್ದು 20, ಚಿತ್ರದಲ್ಲಿ 17 ಉಂಟು. ಯಾವುದು ಸರಿ?" ಹೌದು, ಬಹಳ ಫೋನ್‌ಗಳಲ್ಲಿ ಆ 📅 ಮೇಲೆ ಜುಲೈ 17 ಅಂತಲೇ ಇರುತ್ತದೆ, ಅದಕ್ಕೇ ವಿಶ್ವ ಎಮೋಜಿ ದಿನವನ್ನೂ ಜುಲೈ 17ಕ್ಕೆ ಇಟ್ಟಿರುವುದು. ಎಮೋಜಿಯ ಚಿತ್ರವನ್ನು ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ಬರೆಯುತ್ತದೆ, ಹಾಗಾಗಿ ನಿಮ್ಮ ಫೋನ್‌ನಲ್ಲಿ ಕಂಡದ್ದೇ ಅವರ ಫೋನ್‌ನಲ್ಲೂ ಕಾಣಬೇಕು ಅಂತಿಲ್ಲ. ಡ್ಯೂ ಡೇಟ್ ಹೇಳುವ ಪೋಸ್ಟ್‌ನಲ್ಲಿ ಎರಡು ತಾರೀಕು ಕಂಡರೆ ಓದುವವರು ನಮ್ಮನ್ನು ಬಿಟ್ಟು ಪೋರ್ಟಲ್‌ಗೇ ಹೋಗಿ ನೋಡುತ್ತಾರೆ, ಅಲ್ವಾ?

ಹಣದ ಎಮೋಜಿಗಳದ್ದೂ ಇದೇ ಕಥೆ. 💰 ಚೀಲದ ಮೇಲೆ ಡಾಲರ್ ಗುರುತು, 💹 ಒಳಗೆ ಜಪಾನಿನ ಯೆನ್ ಗುರುತು. ನೋಟುಗಳಲ್ಲಿ ಡಾಲರ್, ಯೆನ್, ಯೂರೋ, ಪೌಂಡ್ ನಾಲ್ಕೂ ಇವೆ, ನಮ್ಮ ರೂಪಾಯಿ ಇಲ್ಲ. ಸುಮ್ನೆ ₹ ಅಂತ ಟೈಪ್ ಮಾಡಿ, ಅದೇ ಸಾಕು. 📈 ಕೂಡ ಸ್ವಲ್ಪ ನೋಡಿಕೊಂಡು ಹಾಕಿ. ಎಷ್ಟೋ ಫೋನ್‌ಗಳಲ್ಲಿ ಮೇಲೇರುವ ಗೆರೆ ಕೆಂಪು. ಜಪಾನಿನ ಷೇರು ಪೇಟೆಯಲ್ಲಿ ಏರಿಕೆಯನ್ನು ಕೆಂಪಿನಲ್ಲಿ ತೋರಿಸುವುದು ರೂಢಿ, ಆದರೆ ನಮ್ಮ ಲೆಕ್ಕದವರಿಗೆ ಕೆಂಪು ಅಂದರೆ ನಷ್ಟ.

ಇನ್ನು ಭಾಷೆ. ಆ ಹಿರಿಯರು ಎಮೋಜಿಗಿಂತ ಜಾಸ್ತಿ ಬೇಸರಪಟ್ಟದ್ದು "ದಂಡ" ಅನ್ನುವ ಮಾತಿಗೆ. ಜಿಎಸ್‌ಟಿಯಲ್ಲಿ ಲೇಟ್ ಫೀ ಬೇರೆ, ಬಡ್ಡಿ ಬೇರೆ, ದಂಡ ಬೇರೆ. ತಡವಾಗಿ ರಿಟರ್ನ್ ಫೈಲ್ ಮಾಡಿದರೆ ಬೀಳುವುದು ಲೇಟ್ ಫೀ, ತೆರಿಗೆ ಕಟ್ಟಲು ತಡವಾದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಇನ್ನೊಂದು, 20 ಅನ್ನುವುದು ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ ಮಾತ್ರ. ಮೂರು ತಿಂಗಳಿಗೊಮ್ಮೆ ಮಾಡುವವರಿಗೆ ಕೇರಳದಲ್ಲಿ 22. ಯಾರಿಗೆ ಅಂತ ಬರೆಯದಿದ್ದರೆ ಅರ್ಧ ಓದುಗರಿಗೆ ಅದು ತಪ್ಪು ಮಾಹಿತಿ. ಅದೇ ಕ್ಯಾಪ್ಶನ್ ಈಗ ಹೀಗೆ ಬರೆಯುತ್ತೇನೆ:

GSTR-3B, ಅಕ್ಟೋಬರ್ ತಿಂಗಳದ್ದು: ನವೆಂಬರ್ 20ರೊಳಗೆ.
ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ ಮಾತ್ರ.
ತಡವಾದರೆ ದಿನಕ್ಕೆ ₹50 ಲೇಟ್ ಫೀ, ನಿಲ್ ರಿಟರ್ನ್‌ಗೆ ₹20. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ.
ಕೊನೆಯ ದಿನ ಪೋರ್ಟಲ್ ನಿಧಾನವಾಗಬಹುದು, ಎರಡು ದಿನ ಮೊದಲೇ ಮುಗಿಸಿಕೊಳ್ಳಿ. 🧾

ಫಾರ್ಮ್‌ನ ಹೆಸರನ್ನು ಪೋರ್ಟಲ್‌ನಲ್ಲಿ ಇರುವಂತೆಯೇ ಬರೆದಿದ್ದೇನೆ, ಹುಡುಕಿದರೆ ಸಿಗಬೇಕಲ್ಲ. ಮೊದಲ ಸಾಲಿನಲ್ಲೇ ಫಾರ್ಮ್, ತಿಂಗಳು, ತಾರೀಕು ಮೂರೂ ಇವೆ, ಯಾಕೆಂದರೆ ಫೋನ್‌ನಲ್ಲಿ ಪೂರ್ತಿ ಕ್ಯಾಪ್ಶನ್ ತೆರೆಯದೆ ಕಾಣುವುದು ಒಂದೆರಡು ಸಾಲು ಅಷ್ಟೇ. ಎಮೋಜಿ ಕೊನೆಗೆ, ಅಂಕಿಗಳ ಮಧ್ಯೆ ಅಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಪ್ರತಿ ಎಮೋಜಿಯ ಹೆಸರನ್ನೂ ಗಟ್ಟಿಯಾಗಿ ಓದುತ್ತದೆ, ತಾರೀಕಿನ ನಡುವೆ ಅದು ಬಂದರೆ ಕೇಳುವವರಿಗೆ ತಾರೀಕೇ ತಪ್ಪಿಹೋಗುತ್ತದೆ.

ಹಾಗಂತ ಸರ್ಕಾರಿ ಸುತ್ತೋಲೆಯ ಭಾಷೆ ಬೇಡ. "ತಮ್ಮ ಅವಗಾಹನೆಗೆ ತರಲಾಗಿದೆ" ಅಂತ ಯಾರೂ ಮಾತಾಡುವುದಿಲ್ಲ. ರಿಟರ್ನ್, ಡ್ಯೂ ಡೇಟ್, ಲೇಟ್ ಫೀ ಅಂತ ಅವರೇ ಆಡುವ ಮಾತು ಬಳಸಿ, ಕ್ರಿಯಾಪದ ಮಾತ್ರ "ಮುಗಿಸಿಕೊಳ್ಳಿ", "ನೋಡಿ" ಅಂತ ಬಹುವಚನದಲ್ಲಿ ಇರಲಿ. 😂, 😱 ಎರಡನ್ನೂ ತಡ, ಬಡ್ಡಿ, ನೋಟಿಸ್ ವಿಷಯದ ಹತ್ತಿರ ತರಲೇಬೇಡಿ. ಗ್ರಾಹಕರ ದುಡ್ಡು ಹೋದಾಗ ಬೈಸಿಕೊಳ್ಳುವವರು ಇದೇ ಅಕೌಂಟೆಂಟ್‌ಗಳು.

ಕಾಮೆಂಟ್‌ನಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಅವರು 🙏 ಹಾಕಿದರೆ ನೀವೂ 🙏 ಹಾಕಿ. ಅವರು ಬರೀ "ಸೆಕ್ಷನ್ ಯಾವುದು?" ಅಂತ ಕೇಳಿದರೆ ಸೆಕ್ಷನ್ ನಂಬರ್ ಕೊಡಿ, ಲೇಟ್ ಫೀಗೆ 47, ಬಡ್ಡಿಗೆ 50. ಅಲ್ಲಿ ಎಮೋಜಿ ಬೇಕಾಗಿಲ್ಲ.